ಮುಐದರ್‌ನಲ್ಲಿ ಎರಡು ಕೆಲಸಗಳ ನಡುವೆ: ಸಂಬಳದ ಅಂಕಿಯ ಹಿಂದಿರುವ ಲೆಕ್ಕ



ದೋಹಾದ ಪಶ್ಚಿಮಕ್ಕೆ, ಅಲ್ ರಯ್ಯಾನ್ ಪುರಸಭೆಯ ವ್ಯಾಪ್ತಿಯಲ್ಲಿರುವ ಮುಐದರ್‌ನಲ್ಲಿ ಭಾರತೀಯ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿವೆ. ಅಲ್ಲಿಂದ ಕೆಲವೇ ನಿಮಿಷಗಳ ದಾರಿಯಲ್ಲಿ ಎಜುಕೇಶನ್ ಸಿಟಿ; ಅದರೊಳಗೆ 2009ರಲ್ಲಿ ಆರಂಭವಾದ ಕತಾರ್ ವಿಜ್ಞಾನ ಮತ್ತು ತಂತ್ರಜ್ಞಾನ ಪಾರ್ಕ್. 2024ರ ಫೆಬ್ರವರಿಯಲ್ಲಿ ದೋಹಾದಲ್ಲಿ ಮೊದಲ ಬಾರಿಗೆ ವೆಬ್ ಸಮಿಟ್ ನಡೆದಾಗ ಸಾಹಸ ಬಂಡವಾಳಕ್ಕಾಗಿ 100 ಕೋಟಿ ಡಾಲರುಗಳ ನಿಧಿಯನ್ನು ಸರ್ಕಾರಿ ಹೂಡಿಕೆ ಸಂಸ್ಥೆ ಘೋಷಿಸಿತು. ಹಳೆಯ ಗುತ್ತಿಗೆ ಕಂಪನಿಗಳಲ್ಲಿ, ದೊಡ್ಡ ಎಂಜಿನಿಯರಿಂಗ್ ಸಂಸ್ಥೆಗಳಲ್ಲಿ ಎಂಟು ಹತ್ತು ವರ್ಷ ದುಡಿದ ಕನ್ನಡಿಗರಿಗೆ ಸ್ಟಾರ್ಟಪ್‌ಗಳ ಕರೆ ಬರತೊಡಗಿರುವುದು ಈ ಹಿನ್ನೆಲೆಯಲ್ಲಿಯೇ.

ಹೆಚ್ಚು ಸಂಬಳದ ಸಣ್ಣ ಕಂಪನಿಯೋ, ಕಡಿಮೆ ಸಂಬಳದ ದೊಡ್ಡ ಕಂಪನಿಯೋ ಎಂಬ ಈ ಪ್ರಶ್ನೆ ಬೆಂಗಳೂರಿನಿಂದ ಹೊತ್ತುತಂದದ್ದು. ಬೆಂಗಳೂರಿನಲ್ಲಿ ಕೆಲಸ ಹೋದರೆ ಸಂಬಳ ಮಾತ್ರ ಹೋಗುತ್ತದೆ. ಮನೆ ಉಳಿಯುತ್ತದೆ, ಮಕ್ಕಳ ಶಾಲೆ ಉಳಿಯುತ್ತದೆ, ಭವಿಷ್ಯ ನಿಧಿಯ ಹಣ ಮಾಲೀಕನ ಕೈಗೆ ಸಿಗದಂತೆ ಬೇರೆಡೆ ಇರುತ್ತದೆ. ಕತಾರಿನಲ್ಲಿ ನೆಲದ ಮೇಲೆ ನಿಲ್ಲುವ ಹಕ್ಕೇ ಕೆಲಸಕ್ಕೆ ಕಟ್ಟಿಕೊಂಡಿದೆ. ವಾಸ ಪರವಾನಗಿ ರದ್ದಾದರೆ 90 ದಿನ. ಅಷ್ಟರೊಳಗೆ ಬೇರೆ ಕೆಲಸ, ಇಲ್ಲವೇ ವಿಮಾನ. ಹೆಂಡತಿ ಮಕ್ಕಳ ಪರವಾನಗಿಗಳೂ ಆ ಒಂದು ಪರವಾನಗಿಗೆ ಜೋತುಬಿದ್ದಿರುತ್ತವೆ. ಆದ್ದರಿಂದ ಇಲ್ಲಿ ತೂಗಬೇಕಾದದ್ದು ಎರಡು ಸಂಬಳಗಳನ್ನಲ್ಲ. ಹೆಚ್ಚಿನ ಸಂಬಳ ಯಾವ ಅಪಾಯದ ಬೆಲೆ, ಆ ಬೆಲೆ ಸಾಕೇ ಎಂಬುದನ್ನು.

ಈ ಆಯ್ಕೆಯೇ ಹೊಸದು ಎಂಬುದನ್ನೂ ನೆನೆಯಬೇಕು. 2020ರ ಸೆಪ್ಟೆಂಬರಿನವರೆಗೆ ಹಳೆಯ ಮಾಲೀಕ ನಿರಾಕ್ಷೇಪಣಾ ಪತ್ರ, ಅಂದರೆ ಎಲ್ಲರ ಬಾಯಲ್ಲಿರುವ ಎನ್‌ಒಸಿ, ಕೊಡದಿದ್ದರೆ ಒಪ್ಪಂದದ ನಡುವೆ ಕೆಲಸ ಬದಲಿಸುವುದು ಸಾಧ್ಯವೇ ಇರಲಿಲ್ಲ. 2014ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯಲ್ಲಿ ಕತಾರಿನ ವಿರುದ್ಧ ದಾಖಲಾದ ದೂರು, 2018ರಲ್ಲಿ ದೋಹಾದಲ್ಲಿ ತೆರೆದ ಅದರ ಕಚೇರಿ, ಕೊನೆಗೆ 2020ರ 18 ಮತ್ತು 19ನೇ ಕಾನೂನುಗಳು: ಇಷ್ಟು ದೂರ ನಡೆದ ಮೇಲೆ ಆ ಪತ್ರದ ಅಗತ್ಯ ಹೋಯಿತು. ಹವಾನಿಯಂತ್ರಿತ ಕೋಣೆಯಲ್ಲಿ ಕೂತು ಎರಡು ಆಫರ್ ತೂಗುವ ಎಂಜಿನಿಯರನ ಸ್ವಾತಂತ್ರ್ಯ ಬಂದದ್ದು ಕ್ರೀಡಾಂಗಣಗಳ ಕಾಮಗಾರಿಯಲ್ಲಿ ಬೆಂದವರ ಹೆಸರಿನಲ್ಲಿ ನಡೆದ ಹೋರಾಟದಿಂದ. ಈ ಋಣ ಎಷ್ಟು ಜನರಿಗೆ ನೆನಪಿದೆ ಎಂಬುದು ಬೇರೆ ಮಾತು.

ಲೆಕ್ಕಕ್ಕಾಗಿ ಮುಐದರ್‌ನ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಬಹುದು. ಗಂಡ ಕುಂದಾಪುರದ ಕಡೆಯ ಎಂಜಿನಿಯರ್, ದೊಡ್ಡ ಕಂಪನಿಯಲ್ಲಿ ಎಂಟು ವರ್ಷದ ಸೇವೆ. ಹೆಂಡತಿಗೆ ಸದ್ಯ ಉದ್ಯೋಗವಿಲ್ಲ. ಇಬ್ಬರು ಮಕ್ಕಳು ಭಾರತೀಯ ಶಾಲೆಯಲ್ಲಿ. ಈಗಿನ ಸಂಬಳ ತಿಂಗಳಿಗೆ 14,000 ರಿಯಾಲ್, ಅದರಲ್ಲಿ ಮೂಲ ವೇತನ 8,000. ಇದರ ಮೇಲೆ ವರ್ಷಕ್ಕೆ 20,000 ರಿಯಾಲ್ ಶಾಲಾ ಭತ್ಯೆ, ಊರಿಗೆ ಹೋಗಿಬರಲು ಸುಮಾರು 6,000 ರಿಯಾಲಿನ ನಾಲ್ಕು ಟಿಕೆಟ್. ಸ್ಟಾರ್ಟಪ್ ಕೊಡುವುದು 18,000. ಆದರೆ ಮೂಲ ವೇತನ 6,000, ಉಳಿದದ್ದು ಭತ್ಯೆ. ಶಾಲೆ, ಟಿಕೆಟ್ ಇಲ್ಲ. ಜೊತೆಗೆ ಷೇರುಗಳ ಆಯ್ಕೆಯ ಹಕ್ಕು.

ತಿಂಗಳಿಗೆ 4,000 ಹೆಚ್ಚು, ವರ್ಷಕ್ಕೆ 48,000. ಕಣ್ಣಿಗೆ ಬೀಳುವುದು ಇದೇ. ಶಾಲೆ ಮತ್ತು ಟಿಕೆಟ್ಟಿನ 26,000 ಕಳೆದರೆ ಉಳಿಯುವುದು 22,000. ಇನ್ನು ಗ್ರಾಚುಯಿಟಿ. 2004ರ 14ನೇ ಕಾರ್ಮಿಕ ಕಾನೂನಿನ ಪ್ರಕಾರ ಒಂದು ವರ್ಷ ಪೂರೈಸಿದವರಿಗೆ ಪ್ರತಿ ವರ್ಷದ ಸೇವೆಗೆ ಕನಿಷ್ಠ ಮೂರು ವಾರದ ಮೂಲ ವೇತನ ಸಲ್ಲಬೇಕು. ಮೂಲ ವೇತನ 8,000 ಇದ್ದರೆ ವರ್ಷಕ್ಕೆ 5,600. 6,000 ಇದ್ದರೆ 4,200. ಈ 1,400ನ್ನೂ ಕಳೆದರೆ ನಿಜವಾದ ಹೆಚ್ಚಳ ವರ್ಷಕ್ಕೆ 20,600, ಅಂದರೆ ತಿಂಗಳಿಗೆ 1,700 ರಿಯಾಲಿನ ಆಸುಪಾಸು. ನಾಲ್ಕು ಸಾವಿರ ಎಂದು ಊರಿಗೆ ಫೋನು ಮಾಡಿ ಹೇಳಿದ್ದು ಇಷ್ಟಕ್ಕೆ ಬಂದು ನಿಂತಿತು.

ಗ್ರಾಚುಯಿಟಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅದನ್ನು ಲೆಕ್ಕ ಹಾಕುವುದು ಕೊನೆಯ ಮೂಲ ವೇತನದ ಮೇಲೆ. ಈಗಲೇ ಬಿಟ್ಟರೆ ಎಂಟು ವರ್ಷಕ್ಕೆ 44,800 ಕೈಗೆ ಬರುತ್ತದೆ. ಇನ್ನೈದು ವರ್ಷ ಇದ್ದು ಮೂಲ ವೇತನ 10,000ಕ್ಕೆ ಏರಿದರೆ ಅದೇ ಹಳೆಯ ಎಂಟು ವರ್ಷಗಳ ಬೆಲೆ 56,000 ಆಗುತ್ತದೆ. ಹಳೆಯ ದುಡಿಮೆ ಹೊಸ ದರದಲ್ಲಿ ಬೆಲೆ ಪಡೆಯುವ ಈ ಲಾಭವನ್ನು ಯಾವ ಆಫರ್ ಪತ್ರವೂ ತೋರಿಸುವುದಿಲ್ಲ.

ಅದಕ್ಕಿಂತ ಗಂಭೀರವಾದದ್ದು, ಗ್ರಾಚುಯಿಟಿ ಇರುವ ಜಾಗ. ಅದು ಭವಿಷ್ಯ ನಿಧಿಯಂತೆ ಪ್ರತ್ಯೇಕ ಖಾತೆಯಲ್ಲಿ ಕೂಡಿಟ್ಟ ಹಣವಲ್ಲ. ಅದು ಕಂಪನಿ ನೌಕರನಿಗೆ ಕೊಡಬೇಕಾದ ಸಾಲ. ಎಂಟು ವರ್ಷ ದುಡಿದವನು ಎಂಟು ವರ್ಷ ಮಾಲೀಕನಿಗೆ ಬಡ್ಡಿಯಿಲ್ಲದೆ ಕಡ ಕೊಟ್ಟಂತೆ. ಹಳೆಯ, ದೊಡ್ಡ ಕಂಪನಿಯಿಂದ ಆ ಸಾಲ ವಾಪಸಾಗುವ ಸಂಭವ ಹೆಚ್ಚು. ಎರಡು ವರ್ಷದ ಕಂಪನಿ ಮುಚ್ಚಿಕೊಂಡರೆ ಮಾಲೀಕನ ಬಳಿ ವಸೂಲಿಗೆ ಸಿಗುವುದು ಕೆಲವು ಲ್ಯಾಪ್‌ಟಾಪ್‌ಗಳು.

ಆದರೆ ಮುಐದರ್‌ನ ಕುಟುಂಬವನ್ನು ಮೊದಲು ಮುರಿಯುವುದು ಕೆಲಸ ಹೋಗುವುದಲ್ಲ, ಸಂಬಳ ತಡವಾಗುವುದು. ಬಾಡಿಗೆ ಮನೆಗೆ ಮುಂದಿನ ದಿನಾಂಕದ ಚೆಕ್ಕುಗಳನ್ನು ವರ್ಷಕ್ಕೆ ಒಟ್ಟಾಗಿ ಬರೆದುಕೊಡುವುದು ವಾಡಿಕೆ. ಕತಾರಿನಲ್ಲಿ ಚೆಕ್ಕು ಮರಳುವುದು ಕ್ರಿಮಿನಲ್ ಪ್ರಕರಣವಾಗಬಲ್ಲದು. ಬ್ಯಾಂಕಿನ ಸಾಲವಿದ್ದರೆ ಇನ್ನೊಂದು ಗಂಟು: ಸಂಬಳವನ್ನೂ ಅಂತಿಮ ಲೆಕ್ಕದ ಹಣವನ್ನೂ ಆ ಖಾತೆಗೇ ಕಳಿಸುವುದಾಗಿ ಕಂಪನಿಯಿಂದ ಬ್ಯಾಂಕು ಪತ್ರ ಪಡೆದಿರುತ್ತದೆ. ಕೆಲಸ ಬಿಟ್ಟಾಗ ಬಂದ 44,800 ಸಾಲಕ್ಕೆ ತಡೆಹಿಡಿಯಲ್ಪಟ್ಟು, ಕೈಗೆ ಒಂದು ರಿಯಾಲೂ ಬಾರದಿರಬಹುದು. ಆದ್ದರಿಂದ ಬ್ಯಾಂಕಿನ ಜೊತೆ ಮಾತಾಡುವುದು ರಾಜೀನಾಮೆಯ ಮೊದಲು, ನಂತರವಲ್ಲ.

ಸ್ಟಾರ್ಟಪ್ ಮೂರು ತಿಂಗಳ ಸಂಬಳ ಕೊಡದೆ ನಿಂತಿತು ಎಂದುಕೊಳ್ಳಿ. ಹೋದದ್ದು 54,000. ವರ್ಷಕ್ಕೆ 20,600ರಂತೆ ಇದು ಎರಡೂವರೆ ವರ್ಷದ ಲಾಭವನ್ನು ಮೀರಿದ ನಷ್ಟ. ಹೆಂಡತಿ ಇಡೀ ಚರ್ಚೆಯನ್ನು ಒಂದೇ ಮಾತಿನಲ್ಲಿ ಕೇಳಬಲ್ಲಳು: "ರೀ, ಎರಡೂವರೆ ವರ್ಷ ಆ ಕಂಪನಿ ಒಂದು ತಿಂಗಳೂ ತಪ್ಪದೆ ಸಂಬಳ ಹಾಕುತ್ತದೆ ಅಂತ ನಿಮಗೆ ಧೈರ್ಯ ಉಂಟಾ?" ಆ ಧೈರ್ಯಕ್ಕೆ ಆಧಾರ ಹುಡುಕುವುದೇ ಉಳಿದ ಕೆಲಸ.

ಮೊದಲ ಆಧಾರ, ಕಂಪನಿ ನೋಂದಣಿಯಾಗಿರುವುದು ಎಲ್ಲಿ ಎಂಬುದು. ಇಲ್ಲಿ ಬಹಳ ಜನ ಎಡವುತ್ತಾರೆ. ವಾಣಿಜ್ಯ ಸಚಿವಾಲಯದಲ್ಲಿ ನೋಂದಾಯಿತವಾದ ಕಂಪನಿಗೆ 14ನೇ ಕಾನೂನು ಅನ್ವಯ. ಒಪ್ಪಂದ ಕಾರ್ಮಿಕ ಸಚಿವಾಲಯದಲ್ಲಿ ದೃಢೀಕರಣವಾಗುತ್ತದೆ. ವೇತನ ಸಂರಕ್ಷಣಾ ವ್ಯವಸ್ಥೆಯಡಿ ಸಂಬಳ ಬಾಕಿಯಾದ ಏಳು ದಿನದೊಳಗೆ ಬ್ಯಾಂಕಿಗೆ ಬೀಳಬೇಕು. ಬೀಳದಿದ್ದರೆ ಕಾರ್ಮಿಕ ವಿವಾದ ಸಮಿತಿಯಿದೆ. ಸಮಿತಿಯ ತೀರ್ಪಿನ ನಂತರವೂ ಮಾಲೀಕ ಕೊಡದಿದ್ದರೆ 2018ರಲ್ಲಿ ಸ್ಥಾಪಿಸಿದ ಕಾರ್ಮಿಕರ ಬೆಂಬಲ ಮತ್ತು ವಿಮಾ ನಿಧಿಯ ಆಸರೆಯಿದೆ. ಆದರೆ ಅನೇಕ ಸ್ಟಾರ್ಟಪ್‌ಗಳು ನೋಂದಣಿಯಾಗುವುದು ಕತಾರ್ ಫೈನಾನ್ಷಿಯಲ್ ಸೆಂಟರಿನಲ್ಲಿ. ಅದಕ್ಕೆ ತನ್ನದೇ ಉದ್ಯೋಗ ನಿಯಮಾವಳಿ, ತನ್ನದೇ ನ್ಯಾಯಾಲಯ. 14ನೇ ಕಾನೂನಿನ ಮೂರು ವಾರದ ಗ್ರಾಚುಯಿಟಿ ಅಲ್ಲಿಗೆ ತಾನಾಗಿ ನಡೆದುಬರುವುದಿಲ್ಲ. ಒಪ್ಪಂದದಲ್ಲಿ ಬರೆಸಿಕೊಂಡರೆ ಉಂಟು. ಅದೇ ಬೀದಿ, ಅದೇ ಊರು, ಬೇರೆ ಕಾನೂನು. ನೋಂದಣಿ ಅಗ್ಗವಾದಷ್ಟೂ ಹೊಳೆಯುವ ಹೆಸರಿನ ಫಲಕ ಬಂಡವಾಳಕ್ಕೆ ಸಾಕ್ಷಿಯಾಗುವುದೂ ಕಡಿಮೆ. ಆ ಕೇಂದ್ರದ ಸಾರ್ವಜನಿಕ ದಾಖಲೆ ಜಾಲದಲ್ಲಿ ತೆರೆದಿದೆ. ಪರವಾನಗಿಯ ದಿನಾಂಕವನ್ನೂ ನಿರ್ದೇಶಕರ ಹೆಸರನ್ನೂ ಯಾರೂ ನೋಡಬಹುದು.

ಎರಡನೆಯದು, ಈಗ ಇರುವ ಹಣ ಎಷ್ಟು ತಿಂಗಳಿಗೆ ಸಾಕು ಎಂಬ ನೇರ ಪ್ರಶ್ನೆ. ಸಂಕೋಚ ಬೇಡ. ಬ್ಯಾಂಕಿನಲ್ಲಿರುವ ಮೊತ್ತವನ್ನು ತಿಂಗಳ ಖರ್ಚಿನಿಂದ ಭಾಗಿಸಿದರೆ ಉತ್ತರ. ಆರು ತಿಂಗಳು ಎಂದರೆ ಅದು ಪ್ರೊಬೇಷನ್ನಿನಷ್ಟೇ ಉದ್ದ. ಕಾನೂನಿನಲ್ಲಿ ಪ್ರೊಬೇಷನ್ನಿನ ಮಿತಿಯೂ ಆರು ತಿಂಗಳು. ಹದಿನೆಂಟು ತಿಂಗಳು ಎಂದರೆ ಮಾತು ಮುಂದುವರಿಸಬಹುದು. "ಮುಂದಿನ ಸುತ್ತಿನ ಹೂಡಿಕೆ ಆಗಿಯೇ ಬಿಟ್ಟಿದೆ, ಸಹಿ ಮಾತ್ರ ಬಾಕಿ" ಎಂಬ ಉತ್ತರ ಬಂದರೆ ಕಿವಿ ನಿಮಿರಬೇಕು. ಷೇರಿನ ಹಕ್ಕನ್ನು ಈ ಲೆಕ್ಕದಲ್ಲಿ ಸೊನ್ನೆ ಎಂದೇ ಹಿಡಿಯುವುದು ಒಳಿತು: ಸಾಮಾನ್ಯವಾಗಿ ಮೊದಲ ವರ್ಷ ಅದರಲ್ಲಿ ಏನೂ ಸಿಗದು, ಪೂರ್ತಿ ಕೈಗೆ ಬರಲು ನಾಲ್ಕು ವರ್ಷ ಬೇಕು.

ಇಷ್ಟು ಹೇಳಿ ದೊಡ್ಡ ಕಂಪನಿಯೇ ಸುರಕ್ಷಿತ ಎಂದರೆ ಅರ್ಧ ಸತ್ಯವಾದೀತು. ದೊಡ್ಡ ಸಂಸ್ಥೆ ಸ್ಥಿರವಾಗಿರುವುದು ಬೇರೆ, ಅದರೊಳಗಿನ ವಿದೇಶೀಯನ ಕುರ್ಚಿ ಸ್ಥಿರವಾಗಿರುವುದು ಬೇರೆ. ತೈಲಬೆಲೆ ಕುಸಿದ ನಂತರ, 2016ರಲ್ಲಿ, ಅಲ್ ಜಝೀರಾ ಸುಮಾರು 500 ಹುದ್ದೆಗಳನ್ನು ಕಡಿತಗೊಳಿಸಿತು. 2020ರ ಜೂನಿನಲ್ಲಿ ಸರ್ಕಾರಿ ಅನುದಾನದ ಸಂಸ್ಥೆಗಳು ಕತಾರಿಯೇತರ ನೌಕರರ ವೆಚ್ಚವನ್ನು 30% ಇಳಿಸಬೇಕೆಂದು ಹಣಕಾಸು ಸಚಿವಾಲಯ ಸೂಚಿಸಿತು. ಖಾಸಗಿ ವಲಯದಲ್ಲಿ ಸ್ಥಳೀಯರಿಗೆ ಆದ್ಯತೆ ನೀಡುವ 2024ರ 12ನೇ ಕಾನೂನು 2025ರಿಂದ ಜಾರಿಯಲ್ಲಿದೆ. ಸಂಸ್ಥೆಗಳು ಎಲ್ಲಿಗೂ ಹೋಗಲಿಲ್ಲ, ಹೋದವರು ನೌಕರರು. ವ್ಯತ್ಯಾಸ ಇಷ್ಟೇ: ದೊಡ್ಡ ಸಂಸ್ಥೆ ಹೊರಗೆ ಕಳಿಸುವಾಗ ನೋಟಿಸಿನ ಅವಧಿಯ ಸಂಬಳ, ಗ್ರಾಚುಯಿಟಿ, ಟಿಕೆಟ್ ಕೊಟ್ಟು ಕಳಿಸುವ ಸಾಧ್ಯತೆ ಹೆಚ್ಚು. ಸ್ಥಿರತೆ ಎಂದು ಅಲ್ಲಿ ಸಿಗುವುದು ಕೆಲಸದ ಖಾತರಿಗಿಂತ, ಮರ್ಯಾದೆಯಿಂದ ಹೊರಬೀಳುವ ಖಾತರಿ.

ಈ ಕುಟುಂಬ ಹಾಗಾದರೆ ಏನು ಮಾಡಬಹುದು? ಸ್ಟಾರ್ಟಪ್‌ಗೆ ಮರುಪತ್ರ ಬರೆಯಬಹುದು. ಒಟ್ಟು 18,000 ಹಾಗೆಯೇ ಇರಲಿ, ಮೂಲ ವೇತನವನ್ನು 9,000ಕ್ಕೆ ಏರಿಸಿ. ಗ್ರಾಚುಯಿಟಿಯನ್ನು ಒಪ್ಪಂದದಲ್ಲಿ ಬರೆಯಿರಿ. ಶಾಲೆಯ ಶುಲ್ಕದ ಅರ್ಧವನ್ನಾದರೂ ಹೊರಿರಿ. ಮೊದಲನೆಯದಕ್ಕೆ ಕಂಪನಿಗೆ ಇಂದು ಒಂದು ರಿಯಾಲೂ ಹೆಚ್ಚು ಖರ್ಚಿಲ್ಲ. ಅದಕ್ಕೂ ಒಪ್ಪದ ಮಾಲೀಕ ತನ್ನ ಕಂಪನಿಯ ನಾಳೆಯನ್ನು ತಾನೇ ನಂಬಿಲ್ಲ ಎಂದು ಅನುಮಾನಿಸಲು ಕಾರಣವಿದೆ. ಒಪ್ಪಿದರೆ, ಆಫರ್ ಪತ್ರದ ಅಂಕಿಗಳೇ ಸಹಿಗೆ ಬಂದ ಅಧಿಕೃತ ಒಪ್ಪಂದದಲ್ಲೂ ಇವೆಯೇ ಎಂದು ಸಾಲು ಸಾಲಾಗಿ ನೋಡಬೇಕು. ಎರಡರಲ್ಲಿ ಬೇರೆ ಬೇರೆ ಮೂಲ ವೇತನ ಕಂಡರೆ ಅಲ್ಲಿಗೇ ನಿಲ್ಲಬೇಕು. ನಾಲ್ಕು ತಿಂಗಳ ಬಾಡಿಗೆ ಮತ್ತು ಶಾಲಾ ಶುಲ್ಕ ಖಾತೆಯಲ್ಲಿ ಇಲ್ಲದೆ ಹೊರಡಬಾರದು. ಹೆಂಡತಿ ನರ್ಸೋ ಶಿಕ್ಷಕಿಯೋ ಆಗಿ ದುಡಿಯುತ್ತಿದ್ದರೆ ಇಡೀ ತೂಕ ಸ್ಟಾರ್ಟಪ್ಪಿನ ಕಡೆಗೆ ವಾಲುತ್ತಿತ್ತು, ಏಕೆಂದರೆ ಬಾಡಿಗೆಯ ಚೆಕ್ಕು ಆಕೆಯ ಸಂಬಳದಿಂದ ಪಾಸಾಗುತ್ತಿತ್ತು.

ಎರಡು ವರ್ಷ ಮೀರಿದ ಸೇವೆಯಿರುವುದರಿಂದ ಹಳೆಯ ಕಂಪನಿಗೆ ಎರಡು ತಿಂಗಳ ನೋಟಿಸ್ ಕೊಡಬೇಕಾಗುತ್ತದೆ. ಹೊಸ ಒಪ್ಪಂದಕ್ಕೆ ಎರಡೂ ಕಡೆಯ ಸಹಿ ಬೀಳುವವರೆಗೆ ಆ ನೋಟಿಸ್ ಮೇಜಿನ ಡ್ರಾಯರಿನಲ್ಲೇ ಇರಲಿ.