ನೋವಿಲ್ಲದೆ ಕಾಣುವ ರಕ್ತ



ನೋವು ಬಂದರೆ ನಾವು ವೈದ್ಯರಲ್ಲಿಗೆ ಓಡುತ್ತೇವೆ, ನೋವಿಲ್ಲದುದನ್ನು ಮರೆತುಬಿಡುತ್ತೇವೆ. ಈ ರೂಢಿಯು ಪ್ರಾಣಕ್ಕೆ ಎರವಾಗಬಲ್ಲ ಒಂದು ಸಂದರ್ಭವನ್ನು ಈ ಹೊತ್ತು ವಿಚಾರ ಮಾಡೋಣ.

ನಮ್ಮ ನೆರೆಮನೆಯ ರಾಯರಿಗೆ ವಯಸ್ಸು 64. ಯೌವನದಿಂದಲೂ ಸಿಗರೇಟು ಸೇದಿದವರು. ಒಂದು ಬೆಳಿಗ್ಗೆ ಅವರ ಮೂತ್ರವು ಕೆಂಪಾಗಿ ಹೋಯಿತು. ಉರಿಯಿಲ್ಲ, ಜ್ವರವಿಲ್ಲ, ಮರುದಿನ ಮೂತ್ರವು ತಿಳಿಯಾಯಿತು. “ಉಷ್ಣ ಮೇಷ್ಟ್ರೆ, ಎಳನೀರು ಕುಡಿದೆ, ವಾಸಿಯಾಯಿತು” ಎಂದರು. ನಾಲ್ಕು ತಿಂಗಳ ಮೇಲೆ ಪುನಃ ಹಾಗೆಯೇ ಆಯಿತು.

ಎಳನೀರು ಏನನ್ನೂ ವಾಸಿ ಮಾಡಿರಲಿಲ್ಲ. ಮೂತ್ರಕೋಶದ ಒಳಪೊರೆಯಲ್ಲಿ ಹುಟ್ಟುವ ಗಂಟಿನ ರಕ್ತನಾಳಗಳು ಬಲು ನವುರು. ಅವು ಒಡೆದಾಗ ರಕ್ತ ಸುರಿಯುತ್ತದೆ, ತಾನಾಗಿಯೇ ನಿಲ್ಲುತ್ತದೆ. ಗಂಟು ಮಾತ್ರ ಅಲ್ಲಿಯೇ ಇರುತ್ತದೆ.

ಹೊಗೆ ಸೇದುವುದು ಶ್ವಾಸಕೋಶದಿಂದ, ಕೇಡು ಮೂತ್ರಕೋಶಕ್ಕೇಕೆ? ಹೊಗೆಯ ವಿಷವಸ್ತುಗಳು ರಕ್ತಕ್ಕೆ ಸೇರುತ್ತವೆ. ಮೂತ್ರಪಿಂಡಗಳು ಅವನ್ನು ಸೋಸಿ ಮೂತ್ರಕ್ಕೆ ಬಿಡುತ್ತವೆ. ಆ ಮೂತ್ರವು ಗಂಟೆಗಟ್ಟಲೆ ಮೂತ್ರಕೋಶದಲ್ಲಿ ನಿಂತಿರುತ್ತದೆ. 1895ರಲ್ಲಿ ಜರ್ಮನಿಯ ಶಸ್ತ್ರವೈದ್ಯ ಲುಡ್ವಿಗ್ ರೇನ್ ಬಣ್ಣದ ಕಾರ್ಖಾನೆಯ ಕೆಲಸಗಾರರಲ್ಲಿ ಮೂತ್ರಕೋಶದ ಗಂಟುಗಳನ್ನು ಗುರುತಿಸಿದನು. ಅಂಥ ಬಣ್ಣಗಳ ತಯಾರಿಕೆಯಲ್ಲಿ ಅಪಾಯಕರವೆಂದು ಮುಂದೆ ಗೊತ್ತಾದ ರಾಸಾಯನಿಕಗಳ ಜಾತಿಯವೇ ತಂಬಾಕಿನ ಹೊಗೆಯಲ್ಲಿಯೂ ಉಂಟು.

ಮೂತ್ರಪಿಂಡದ ಒಳಗಣ ಕುಳಿಯಿಂದ ಮೂತ್ರಕೋಶದವರೆಗೆ ಹಾಸಿರುವುದು ಒಂದೇ ಬಗೆಯ ಪೊರೆ. ಗಂಟು ಅದರಲ್ಲಿ ಎಲ್ಲಿಯಾದರೂ ಇರಬಹುದು. ಮೂತ್ರಪಿಂಡದ ಒಡಲಿನಲ್ಲಿಯೇ ಇರಲೂಬಹುದು. ಆದುದರಿಂದ ಎರಡು ಕಡೆಯೂ ನೋಡತಕ್ಕದ್ದು. ಕೆಂಪು ಬಣ್ಣವು ಬೀಟ್‌ರೂಟಿನದೋ ರಕ್ತದ್ದೋ ಎಂಬುದನ್ನು ಸೂಕ್ಷ್ಮದರ್ಶಕವು ತಿಳಿಸುತ್ತದೆ. ಸೋಂಕು ಉಂಟೇ ಎಂದೂ ಮೂತ್ರವನ್ನು ಪರೀಕ್ಷಿಸುತ್ತಾರೆ. ಬಳಿಕ ಮೂತ್ರಪಿಂಡಗಳಿಗಾಗಿ ಸಿ.ಟಿ. ಸ್ಕ್ಯಾನ್, ಮೂತ್ರಕೋಶಕ್ಕಾಗಿ ಮೂತ್ರನಾಳದ ಮೂಲಕ ಸಣ್ಣ ದರ್ಶಕನಳಿಗೆಯನ್ನು ತೂರಿಸಿ ಒಳಗೋಡೆಯನ್ನು ಕಣ್ಣಾರೆ ನೋಡುವುದು. ಒಂದು ಪರೀಕ್ಷೆಯು ಮತ್ತೊಂದರ ಕೆಲಸವನ್ನು ಮಾಡಲಾರದು.

ರಾಯರ ಅಲ್ಟ್ರಾಸೌಂಡಿನಲ್ಲಿ ಪ್ರಾಸ್ಟೇಟ್ ಗ್ರಂಥಿಯು ದಪ್ಪವಾಗಿತ್ತೇ ಹೊರತು ಬೇರೇನೂ ಕಾಣಲಿಲ್ಲ. “ಅದೇ ಕಾರಣವಿರಬೇಕು” ಎಂದು ಅವರು ಹೊರಡಲನುವಾದರು. ವೈದ್ಯರು ಒಪ್ಪಲಿಲ್ಲ, ಚಿಕ್ಕ ಗಂಟು ಆ ಪರೀಕ್ಷೆಗೆ ತಪ್ಪಿಸಿಕೊಳ್ಳಬಲ್ಲದು. ರಕ್ತವನ್ನು ತೆಳ್ಳಗಿಡುವ ಮಾತ್ರೆ ನುಂಗುವವರೂ ಅದರ ಮೇಲೆ ತಪ್ಪು ಹೊರಿಸಿ ಸುಮ್ಮನಿರಲಾಗದು. ಸ್ಕ್ಯಾನಿನಲ್ಲಿ ಮೂತ್ರಪಿಂಡಗಳು ಶುದ್ಧವಾಗಿದ್ದುವು. ದರ್ಶಕನಳಿಗೆಯಲ್ಲಿ ಕಡಲೆಕಾಳಿನಷ್ಟು ಗಂಟು ಕಂಡಿತು.

ಹೊಟ್ಟೆಯನ್ನು ಕೊಯ್ಯದೆ, ಮೂತ್ರನಾಳದ ಮೂಲಕವೇ ಅದನ್ನು ಕೆರೆದು ತೆಗೆದರು. ಅದು ಕ್ಯಾನ್ಸರೇ ಆಗಿತ್ತು. ಆದರೆ ಮೂತ್ರಕೋಶದ ಮಾಂಸಖಂಡಕ್ಕೆ ಇಳಿದಿರಲಿಲ್ಲ. ಇಳಿದಿದ್ದರೆ ಮೂತ್ರಕೋಶವನ್ನೇ ತೆಗೆಯಬೇಕಾಗುತ್ತಿತ್ತೋ ಏನೊ. ಇಂಥ ಗಂಟು ಮರುಕಳಿಸುವ ಸ್ವಭಾವದ್ದು. ಆದುದರಿಂದ ಮೂರು ತಿಂಗಳಿಗೆ ಪುನಃ ನೋಡಿದರು, ಮುಂದೆಯೂ ನೋಡುತ್ತಿರಬೇಕು. ರಾಯರು ಸಿಗರೇಟನ್ನು ಬಿಟ್ಟಿದ್ದಾರೆ.

ಮೂತ್ರದಲ್ಲಿ ರಕ್ತ ಕಂಡವರಿಗೆಲ್ಲ ಕ್ಯಾನ್ಸರ್ ಇರುವುದಿಲ್ಲ. ಕಲ್ಲು, ಸೋಂಕು, ಪ್ರಾಸ್ಟೇಟ್ ಇವೂ ಕಾರಣವಾಗುತ್ತವೆ. ಯಾವುದೆಂಬುದು ನೋಡಿದ ಹೊರತು ತಿಳಿಯದು. ರಕ್ತ ಹೆಪ್ಪುಗಟ್ಟಿ ಮೂತ್ರವೇ ಕಟ್ಟಿದರೆ ಆ ಕ್ಷಣವೇ ಆಸ್ಪತ್ರೆಗೆ ಹೋಗತಕ್ಕದ್ದು. ಒಂದೇ ಸಲ ಕಂಡು ನಿಂತಿತೆಂದರೂ ಆ ವಾರದಲ್ಲಿಯೇ ವೈದ್ಯರನ್ನು ಕಾಣೋಣ. ರಕ್ತ ನಿಂತಿತೆಂಬುದು ರೋಗ ನಿಂತಿತೆಂಬುದಕ್ಕೆ ಸಾಕ್ಷಿಯಲ್ಲ.