ಡೇಟಿಂಗ್ ಆ್ಯಪ್ ಖಾತೆ ಬ್ಯಾನ್ ಆದ್ರೆ ಮೇಲ್ಮನವಿಯಿಂದ ಏನು ಸಿಗುತ್ತೆ?

2024ರಲ್ಲಿ ನಾನು ಪುಣೆಯ ಹಿಂಜವಡಿಯಲ್ಲಿ ಕೆಲಸ ಮಾಡ್ತಿದ್ದೆ. ಡೇಟಿಂಗ್ ಆ್ಯಪ್‌ನಲ್ಲಿ ಪರಿಚಯವಾದ ಒಬ್ಬರನ್ನ ಎರಡು ಸಲ ಭೇಟಿಯಾಗಿ, ಮುಂದುವರಿಸೋದು ಬೇಡ ಅಂದೆ. "ನಿನ್ನ ಪ್ರೊಫೈಲ್ ಹೇಗೆ ಉಳಿಯುತ್ತೆ ನೋಡ್ತೀನಿ" ಅಂತ ವಾಟ್ಸಾಪ್‌ನಲ್ಲಿ ಮೆಸೇಜ್ ಬಂತು. ಮೂರನೇ ದಿನ ಖಾತೆ ಬ್ಯಾನ್. ಅದರೊಳಗೆ ಧಾರವಾಡದ ಒಬ್ಬ ಹುಡುಗನ ಜೊತೆ ಭಾನುವಾರ ಸಿಗೋ ಮಾತಾಗಿತ್ತು. ಅವನ ನಂಬರ್ ನನ್ನ ಹತ್ರ ಇರಲಿಲ್ಲ.

ಮೊದಲ ಮೇಲ್ಮನವಿಯಲ್ಲಿ ನಾನು ಎಂಥವಳು, ಅವನು ಎಂಥವನು ಅಂತ ಒಂದು ಪುಟ ಬರೆದೆ. ಎರಡೇ ದಿನಕ್ಕೆ ಸಿದ್ಧ ಉತ್ತರ: ನಿಯಮ ಉಲ್ಲಂಘನೆಯಾಗಿದೆ, ನಿರ್ಧಾರ ಬದಲಾಗೋದಿಲ್ಲ.

ಆಮೇಲೆ ಆ್ಯಪ್‌ನ ಕುಂದುಕೊರತೆ ಅಧಿಕಾರಿಗೆ ಬರೆದೆ. 2021ರ ಐಟಿ ನಿಯಮಗಳ ಪ್ರಕಾರ ಇಂಥ ಅಧಿಕಾರಿಯ ಹೆಸರು, ಸಂಪರ್ಕ ವಿವರ ಆ್ಯಪ್‌ನಲ್ಲೋ ವೆಬ್‌ಸೈಟ್‌ನಲ್ಲೋ ಇರಲೇಬೇಕು. ದೂರು ತಲುಪಿದ್ದನ್ನ 24 ಗಂಟೆಯೊಳಗೆ ತಿಳಿಸಬೇಕು. ಪರಿಹಾರಕ್ಕೆ ಆಗ 15 ದಿನದ ಗಡುವಿತ್ತು. ಈ ಸಲ ನಾಲ್ಕೇ ಸಾಲು: ನೋಂದಾಯಿಸಿದ ನಂಬರ್, ಬ್ಯಾನ್ ಆದ ದಿನ, ಬೆದರಿಕೆಯ ಸ್ಕ್ರೀನ್‌ಶಾಟ್, ಒಂದು ಪ್ರಶ್ನೆ. ಯಾವ ನಿಯಮ ಮುರಿದಿದ್ದೀನಿ?

ಹನ್ನೊಂದನೇ ದಿನ ಉತ್ತರ ಬಂತು: ಬೇರೆಯವರ ಫೋಟೊ ಬಳಸಿದ ನಕಲಿ ಪ್ರೊಫೈಲ್ ಅನ್ನೋ ದೂರು. ಸೆಲ್ಫಿ ಪರಿಶೀಲನೆಗೆ ಸಿದ್ಧ ಅಂದೆ, ಲಿಂಕ್ ಕಳಿಸಿದ್ರು, ಖಾತೆ ವಾಪಸ್ ಬಂತು.

ನಾನು ಕಲಿತದ್ದು ಇಷ್ಟೇ. ಪರೀಕ್ಷೆ ಮಾಡಬಹುದಾದ ಆರೋಪ ಆದ್ರೆ, ಅಂದ್ರೆ ನಕಲಿ ಫೋಟೊ, ವಯಸ್ಸು, ಸ್ಪ್ಯಾಮ್ ಇಂಥದ್ದಾದ್ರೆ, ಮೇಲ್ಮನವಿಗೆ ಹಿಡಿತ ಇರುತ್ತೆ. "ಭೇಟಿಯಲ್ಲಿ ಕೆಟ್ಟದಾಗಿ ನಡ್ಕೊಂಡ್ರು" ಅಂತ ದೂರಿದ್ರೆ ಹಿಡಿತ ತೀರಾ ಕಡಿಮೆ. ಅಲ್ಲಿ ನಡೆದದ್ದು ಆ್ಯಪ್‌ಗೆ ಕಾಣಲ್ಲ. ನಿಜವಾದ ದೂರುದಾರರನ್ನೂ ಅದು ಕಾಪಾಡಬೇಕಲ್ವಾ? ದೂರು ಕೊಟ್ಟವರು ಯಾರು ಅಂತ ನನಗೆ ಹೇಳಲಿಲ್ಲ. ಅದನ್ನ ನಿರೀಕ್ಷಿಸಲೂಬೇಡಿ.

ಅಧಿಕಾರಿಯ ಉತ್ತರ ಒಪ್ಪಿಗೆಯಾಗದಿದ್ರೆ 30 ದಿನದೊಳಗೆ ಕೇಂದ್ರ ಸರ್ಕಾರದ ಮೇಲ್ಮನವಿ ಸಮಿತಿಗೆ gac.gov.in ಮೂಲಕ ಹೋಗಬಹುದು. ಅದಕ್ಕೇ ಪ್ರತಿ ಇಮೇಲ್ ಇಟ್ಕೊಳ್ಳಿ.

ಈ ನಡುವೆ ಬೇರೆ ನಂಬರ್‌ನಿಂದ ಹೊಸ ಖಾತೆ ಮಾಡಬೇಡಿ. ಬ್ಯಾನ್ ತಪ್ಪಿಸೋದೇ ಉಲ್ಲಂಘನೆ ಆಗುತ್ತೆ, ಸುಳ್ಳು ದೂರಿನ ಜಾಗಕ್ಕೆ ನಿಜವಾದದ್ದೇ ಬಂದು ಕೂರುತ್ತೆ. ಪ್ಲೇ ಸ್ಟೋರ್‌ನಲ್ಲೋ ಆ್ಯಪ್ ಸ್ಟೋರ್‌ನಲ್ಲೋ ಚಂದಾ ಕಟ್ತಿದ್ರೆ ಅಲ್ಲೇ ಹೋಗಿ ನಿಲ್ಲಿಸಿ. ಖಾತೆ ಹೋದ ಮಾತ್ರಕ್ಕೆ ಅದು ನಿಲ್ಲುತ್ತೆ ಅಂತ ನಂಬ್ಕೊಂಡು ಕೂರಬೇಡಿ.

ನನ್ನ ಖಾತೆ ವಾಪಸ್ ಬಂತು, ಹಳೇ ಚಾಟ್‌ಗಳು ಬರಲಿಲ್ಲ. ಆ ಭಾನುವಾರ ಆ ಹುಡುಗ ಕಾಫಿ ಅಂಗಡೀಲಿ ಎಷ್ಟು ಹೊತ್ತು ಕಾದನೋ, ನನಗೆ ಇವತ್ತಿಗೂ ಗೊತ್ತಿಲ್ಲ.