899ಕ್ಕೆ ಸೀರೆ ಮಾರಿ 62 ರೂಪಾಯಿ ಕಳಕೊಂಡ ಲೆಕ್ಕ

ನಾನು ರಾಮದುರ್ಗದಾಕಿ. ನಮ್ಮ ತಾಲ್ಲೂಕಿನ ಸುರೇಬಾನ ಕಡೆ ಮಗ್ಗದ ಸಪ್ಪಳ ನೀವು ಕೇಳಿರ್ತೀರಿ. ಅಲ್ಲಿನ ನೇಕಾರ ಕಾಕಾ ಒಬ್ಬರಿಂದ ಕಾಟನ್ ಸೀರೆ ತಗೊಂಡು ಆನ್‌ಲೈನ್‌ನಲ್ಲಿ ಮಾರ್ತೀನಿ. ಬೈಲಹೊಂಗಲ, ಕಿತ್ತೂರು, ಸವದತ್ತಿಯಿಂದ ಫೋನ್ ಮಾಡೋರೆಲ್ಲ ಕೇಳೋದು ಒಂದೇ: "ಅಕ್ಕಾ, ರೇಟ್ ಎಷ್ಟು ಹಾಕ್ಲಿ?" ಅದಕ್ಕೆ ನಾನು ತಪ್ಪು ಮಾಡಿದ ಲೆಕ್ಕವನ್ನೇ ಹೇಳ್ತೀನಿ.

ಕಾಕಾಗೆ ಕೊಡೋದು 620, ಪ್ಯಾಕಿಂಗ್ 25. ಒಟ್ಟು 645. 899ಕ್ಕೆ ಮಾರಿದ್ರೆ 254 ಉಳೀತದ, ಕಮಿಷನ್ ಹೋದ್ರೂ ನೂರು ರೂಪಾಯಿ ಗಟ್ಟಿ ಅಂದ್ಕೊಂಡಿದ್ದೆ. 40 ಸೀರೆ ಹೋದ ಮೇಲೆ ಪೇಮೆಂಟ್ ರಿಪೋರ್ಟ್ ತೆಗೆದು ನೋಡಿದೆ. ಪ್ರತಿ ಸೀರೆಗೆ 5% ಜಿಎಸ್‌ಟಿ 43, ಕಮಿಷನ್ 12% ಅಂದ್ರೆ 108, ಆರ್ಡರಿಗೆ ಇಷ್ಟು ಅಂತ ಫಿಕ್ಸ್ ಫೀ 30, ಶಿಪ್ಪಿಂಗ್ 135. ಕೈಗೆ ಬಂದದ್ದು 583. ಒಂದೊಂದು ಸೀರೆಗೆ 62 ರೂಪಾಯಿ ನಾನೇ ಕೈಯಿಂದ ಹಾಕಿದ್ದೆ.

ಈ ಫೀಗಳು ನನ್ನ ಖಾತೆಯವು. ನಿಮ್ಮ ಆ್ಯಪ್‌ನ ರೇಟ್ ಕಾರ್ಡ್ ನೀವೇ ನೋಡ್ಕೊಳ್ರಿ. ಫೀ ಮೇಲೆ ಹಾಕೋ 18% ಜಿಎಸ್‌ಟಿ ನಾನಿಲ್ಲಿ ಸೇರಿಸಿಲ್ಲ, ಯಾಕಂದ್ರೆ ನನಗೆ ಜಿಎಸ್‌ಟಿ ನಂಬರ್ ಇದೆ, ಅದು ಕ್ರೆಡಿಟ್ ಆಗಿ ವಾಪಸ್ ಸಿಗ್ತದ.

ಶಿಪ್ಪಿಂಗ್ 135 ಯಾಕಾಯ್ತು? ಸೀರೆ ತೂಗಿದ್ದು 420 ಗ್ರಾಂ. ಆದರೆ ಚಂದ ಕಾಣಲಿ ಅಂತ 35 ಸೆಂಟಿಮೀಟರ್ ಉದ್ದ, 28 ಅಗಲ, 8 ಎತ್ತರದ ರಟ್ಟಿನ ಡಬ್ಬಿ ಹಾಕಿದ್ದೆ. ಕೊರಿಯರ್‌ನವರು ತಕ್ಕಡಿ ತೂಕ ಅಷ್ಟೇ ನೋಡೋದಿಲ್ಲ, ಡಬ್ಬಿ ಹಿಡಿಯೋ ಜಾಗವನ್ನೂ ತೂಕಕ್ಕೆ ತರ್ತಾರ: ಉದ್ದ, ಅಗಲ, ಎತ್ತರ ಗುಣಿಸಿ 5000ದಿಂದ ಭಾಗಿಸ್ತಾರ. ನನ್ನ ಡಬ್ಬಿ ಹೀಗೆ 1.57 ಕೆಜಿ ಆಯ್ತು. ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ಬಿಲ್. ಡಬ್ಬಿ ಬಿಟ್ಟು 30, 24, 3 ಅಳತೆಯ ಕೊರಿಯರ್ ಕವರ್ ತಂದೆ. ಲೆಕ್ಕ 432 ಗ್ರಾಂ, ಅರ್ಧ ಕೆಜಿಯೊಳಗೆ ಬಂತು, ಶಿಪ್ಪಿಂಗ್ 75ಕ್ಕೆ ಇಳೀತು. ಆದ್ರೂ 2 ರೂಪಾಯಿ ಲುಕ್ಸಾನೇ.

ಇನ್ನೂ ರಿಟರ್ನ್ ಹಿಡಿದೇ ಇಲ್ಲ ನೋಡ್ರಿ. ನನ್ನಲ್ಲಿ ಹತ್ತು ಸೀರೆ ಹೋದರೆ ಎರಡು ವಾಪಸ್ ಬರ್ತಿದ್ವು. ಒಂದು ರಿಟರ್ನ್‌ಗೆ ಹೋಗಿ ಬರೋ ಖರ್ಚು 150, ಮತ್ತೆ ಇಸ್ತ್ರಿ ಮಾಡಿ ಪ್ಯಾಕ್ ಮಾಡೋಕೆ 30. ಐದು ರಿಟರ್ನ್‌ನಲ್ಲಿ ಒಂದಕ್ಕೆ ಅರಿಶಿನದ ಕಲೆಯೋ ಸೆಂಟಿನ ವಾಸನೆಯೋ ಇರ್ತದ. (ಉಟ್ಟು ಮದುವೆ ಮುಗಿಸಿ ಕಳಿಸ್ತಾರ, ಏನು ಮಾಡೋದು!) ಅದನ್ನು ಊರಲ್ಲೇ 300 ಕಳಕೊಂಡು ಮಾರಬೇಕು, ಐದಕ್ಕೆ ಹಂಚಿದ್ರೆ ರಿಟರ್ನ್‌ಗೆ 60. ಹಿಂಗ ಒಂದು ರಿಟರ್ನ್ ಅಂದ್ರೆ 240, ಎರಡಕ್ಕೆ 480. ಇದನ್ನು ಹತ್ತಕ್ಕೆ ಹಂಚಬಾರದು. ದುಡ್ಡು ಕೊಟ್ಟವರು ಎಂಟೇ ಮಂದಿ, ಆ ಎಂಟು ಸೀರೆ ಮೇಲೇ ಈ ಖರ್ಚು ಬೀಳ್ತದ. ಸೀರೆಗೆ 60.

ಈಗ ರೇಟ್ ಕಟ್ಟೋಣ. ರೂಪಾಯಿಯಲ್ಲಿ ಇರೋ ಖರ್ಚು ಮೊದಲು: 645, ಫಿಕ್ಸ್ ಫೀ 30, ಶಿಪ್ಪಿಂಗ್ 75, ರಿಟರ್ನ್ 60. ಒಟ್ಟು 810. ನನಗೆ 120 ಲಾಭ ಬೇಕು, 930 ಆಯ್ತು. ಇನ್ನು ಶೇಕಡಾ ಲೆಕ್ಕದ್ದು: ಕಮಿಷನ್ 12, ಮಾರೋ ರೇಟಿನೊಳಗೆ ಕೂತಿರೋ ಜಿಎಸ್‌ಟಿ 4.76. ಎರಡೂ ಸೇರಿ 16.76. ಇಲ್ಲಿ ಎಲ್ಲರೂ ಎಡವ್ತಾರ. 930ಕ್ಕೆ 16.76% ಕೂಡಿಸಿ 1086 ಅಂತ ಹಾಕ್ತಾರ. ಆದರೆ ಕಮಿಷನ್ ಕಡಿಯೋದು 930ರ ಮೇಲಲ್ಲ, 1086ರ ಮೇಲೆ. ಕೈಗೆ 904 ಬರ್ತದ, 26 ಖೋತಾ. ಕೂಡಿಸೋ ಬದಲು ಭಾಗಿಸಬೇಕು: ನೂರರಲ್ಲಿ 16.76 ಹೋದರೆ 83.24 ಉಳೀತದ, 930ನ್ನು 0.8324ರಿಂದ ಭಾಗಿಸಿದ್ರೆ 1117. ನಾನು 1120 ಹಾಕಿದೆ.

ಲಾಭ ಬಿಟ್ಟು ಬರೇ 810ನ್ನು ಹಂಗೇ ಭಾಗಿಸಿದ್ರೆ 973. ಇದನ್ನು ಮೊಬೈಲ್‌ನಲ್ಲಿ ಬರೆದಿಟ್ಟಿದ್ದೀನಿ. ಹಬ್ಬದ ಸೇಲ್ ಬಂದಾಗ 10% ಡಿಸ್ಕೌಂಟ್ ಕೇಳಿದ್ರೆ 1008, ಸೀರೆಗೆ 29 ಉಳೀತದ, ಒಪ್ಕೋತೀನಿ. 15% ಅಂದ್ರೆ 952, ಒಲ್ಲೆ ಅಂತೀನಿ.

ಮೊನ್ನೆ ಕಾಕಾ ಬಂದು, "ನೂಲಿನ ರೇಟ್ ಏರೈತಿ ತಂಗಿ, 650 ಮಾಡು" ಅಂದ್ರು. ಕೇಳಿದ್ದು ನ್ಯಾಯವೇ. ಆದ್ರೆ ರೇಟ್ ಏರಿಸಿದ್ರೆ ಗಿರಾಕಿ ಹೋಗ್ತಾರ. ರಿಟರ್ನ್ ಆದ ಕಾರಣಗಳ ಪಟ್ಟಿ ತೆಗೆದೆ. ಹೆಚ್ಚಿನವು "ಬಣ್ಣ ಬೇರೆ ಇದೆ". ನಾನು ರಾತ್ರಿ ಟ್ಯೂಬ್‌ಲೈಟ್ ಕೆಳಗೆ ಫೋಟೋ ಹೊಡೀತಿದ್ದೆ. ಬೆಳಿಗ್ಗೆ ಅಂಗಳದ ನೆರಳಲ್ಲಿ ಮತ್ತೆ ತೆಗೆದೆ, ಸೆರಗು ಬಿಚ್ಚಿ ತೋರಿಸಿದೆ, ಬ್ಲೌಸ್ ಪೀಸ್ ಇಲ್ಲ ಅಂತ ಮೊದಲ ಸಾಲಲ್ಲೇ ಬರೆದೆ. ಈಗ ಹತ್ತಕ್ಕೆ ಒಂದೇ ವಾಪಸ್. 240ನ್ನು ಒಂಬತ್ತಕ್ಕೆ ಹಂಚಿದ್ರೆ 27, ಮೊದಲು 60 ಇತ್ತು. ಉಳಿದ 33ರಲ್ಲಿ 30 ಕಾಕಾಗೆ ಕೊಟ್ಟೆ. ರೇಟ್ 1120 ಹಂಗೇ ಐತಿ.